ಕೆಟಲ್ ತಳದಲ್ಲಿ ಸುಣ್ಣ ಕಟ್ಟುವುದು ಹೇಗೆ, ತೆಗೆಯುವುದು ಹೇಗೆ?

ಬೆಂಗಳೂರಿನ ಹೊರಗಿನ ಬಡಾವಣೆಗೆ ಮನೆ ಬದಲಾಯಿಸಿದ ಮೊದಲ ವಾರವೇ ಬೋರ್‌ವೆಲ್ ನೀರಿನ ಗುಣ ಗೊತ್ತಾಯಿತು. ತೊಗರಿಬೇಳೆ ಎಷ್ಟು ವಿಷಲ್ ಕೂಗಿಸಿದರೂ ಬೇಯುತ್ತಿರಲಿಲ್ಲ, ಸೋಪು ನೊರೆ ಬರುತ್ತಿರಲಿಲ್ಲ. ತಿಂಗಳಾದ ಮೇಲೆ ಕೆಟಲ್ ಒಳಗೆ ನೋಡಿದರೆ ತಳಕ್ಕೆ ಸುಣ್ಣ ಬಳಿದ ಹಾಗಿತ್ತು. ಚಮಚದ ತುದಿಯಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು.

‘ಸುಣ್ಣ ಕಟ್ಟಿದೆ’ ಅಂತ ನಾವು ಹೇಳುವುದು ಸರಿಯಾದ ಮಾತೇ. ಗೋಡೆಗೆ ಬಳಿದ ಸುಣ್ಣ ಒಣಗಿ ಗಟ್ಟಿಯಾದಾಗ ಆಗುವುದೂ ಕ್ಯಾಲ್ಸಿಯಂ ಕಾರ್ಬೊನೇಟ್, ಕೆಟಲ್ ತಳದಲ್ಲಿ ಹೆಚ್ಚಾಗಿ ಇರುವುದೂ ಅದೇ.

ಮಳೆನೀರು ಮಣ್ಣಿನಲ್ಲಿ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿ ಸ್ವಲ್ಪ ಹುಳಿಯಾಗುತ್ತದೆ. ಆ ಹುಳಿ ಕಲ್ಲು, ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಂಡು ಬೈಕಾರ್ಬೊನೇಟ್ ರೂಪದಲ್ಲಿ ಇಟ್ಟುಕೊಳ್ಳುತ್ತದೆ. ನೀರು ಕಾಯಿಸಿದಾಗ ಆ ಅನಿಲ ಹಾರಿಹೋಗುತ್ತದೆ. ಹಿಡಿದುಕೊಳ್ಳಲು ಹುಳಿ ಇಲ್ಲದ ಮೇಲೆ ಕ್ಯಾಲ್ಸಿಯಂ ಕರಗಿಕೊಂಡಿರಲು ಆಗದೆ ಹೊರಬರುತ್ತದೆ:

Ca(HCO3)2 → CaCO3 + CO2 + H2O

ಸಕ್ಕರೆ ಬಿಸಿನೀರಿನಲ್ಲಿ ಜಾಸ್ತಿ ಕರಗುತ್ತದೆ ಅಲ್ವಾ? ಕ್ಯಾಲ್ಸಿಯಂ ಕಾರ್ಬೊನೇಟ್ ಉಲ್ಟಾ, ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುತ್ತದೆ. ಅದಕ್ಕೇ ಎಲ್ಲಕ್ಕಿಂತ ಬಿಸಿಯಾದ ಜಾಗದ ಮೇಲೇ, ಅಂದರೆ ಕೆಟಲ್ ತಳ ಮತ್ತು ಗೀಸರ್ ಕಾಯಿಲ್ ಮೇಲೆ, ಪದರ ಮೊದಲು ಕೂರುತ್ತದೆ. ಮೆಗ್ನೀಸಿಯಂ ಸ್ವಲ್ಪ ನಿಧಾನ. ಹೆಚ್ಚು ಹೊತ್ತು ಕುದಿಸಿದಾಗ ಅದು ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ಇದರ ಜೊತೆ ಸೇರಿಕೊಳ್ಳುತ್ತದೆ.

ನಮ್ಮ ನೀರಿನ ಗಡಸುತನ ಪರೀಕ್ಷಾ ಪಟ್ಟಿಯಲ್ಲಿ ಲೀಟರಿಗೆ ಸುಮಾರು 300 ಮಿಲಿಗ್ರಾಂ ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 200; ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪುತ್ತದೆ. ದಿನಕ್ಕೆ 2 ಲೀಟರ್ ಕುದಿಸುತ್ತೇವೆ, ಅಂದರೆ ತಿಂಗಳಿಗೆ 60 ಲೀಟರ್. 300ರಲ್ಲಿ ಅರ್ಧ ಮಾತ್ರ ಕೆಟಲ್‌ನಲ್ಲಿ ಉಳಿಯಿತು ಅಂದುಕೊಂಡರೂ 9 ಗ್ರಾಂ ಆಯಿತು, ಹತ್ತಿರ ಹತ್ತಿರ ಎರಡು ಚಹಾ ಚಮಚ ಪುಡಿ.

ಇದನ್ನು ತೆಗೆಯಲು ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಸಾಕು. 1 ಗ್ರಾಂ ಪದರಕ್ಕೆ ಸುಮಾರು 1.3 ಗ್ರಾಂ ಬೇಕು. ನಮ್ಮ 9 ಗ್ರಾಂಗೆ ಲೆಕ್ಕದಲ್ಲಿ 12 ಗ್ರಾಂ ಆದರೂ, ನಾನು ಒಂದು ಲೀಟರ್ ನೀರಿಗೆ 25 ಗ್ರಾಂ ಹಾಕುತ್ತೇನೆ. ಮೊದಲು ನೀರನ್ನು ಕೈ ತಾಳುವುದಕ್ಕಿಂತ ಸ್ವಲ್ಪ ಜಾಸ್ತಿ ಬಿಸಿ ಮಾಡಿ ಕೆಟಲ್ ಆಫ್ ಮಾಡಿ, ಆಮೇಲೆ ಪುಡಿ ಹಾಕಿ ಕಲಕಿ ಅರ್ಧ ಗಂಟೆ ಬಿಡಿ. ಪುಡಿ ಹಾಕಿದ ಮೇಲೆ ಕುದಿಸಬೇಡಿ. ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪದರ ಕೂರಬಹುದು, ಅದು ಸುಲಭಕ್ಕೆ ಬಿಡುವುದಿಲ್ಲ.

ಕಿವಿ ಹತ್ತಿರ ತಂದರೆ ಸೋಡಾ ಬಾಟಲಿ ತೆರೆದಂಥ ಸಣ್ಣ ಸರಸರ ಕೇಳುತ್ತದೆ. ಅದು ಪದರ ಕರಗುವಾಗ ಬರುವ ಅನಿಲ. ಗುಳ್ಳೆ ನಿಂತ ಮೇಲೂ ಬಿಳಿ ಉಳಿದಿದ್ದರೆ ಹುಳಿ ಮುಗಿದಿದೆ ಎಂದರ್ಥ. ನೀರು ಚೆಲ್ಲಿ ಹೊಸದಾಗಿ ಮಾಡಿ. ಹೊಸ ಹುಳಿಗೂ ಗುಳ್ಳೆ ಏಳದಿದ್ದರೆ ಅದರಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಇರಬಹುದು, ಅದು ನಿಂಬೆ ಉಪ್ಪಿಗೆ ಕರಗುವುದಿಲ್ಲ. ಕೊನೆಗೆ ಎರಡು ಸಲ ತೊಳೆದು, ಒಮ್ಮೆ ಬರೀ ನೀರು ಕುದಿಸಿ ಚೆಲ್ಲಿ. ಹಳೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದುದರಲ್ಲೂ ಕೆಲಸ ಮಾಡುತ್ತಿದ್ದುದು ಹುಳಿಯೇ. ಬಾತ್‌ರೂಮ್ ಆಸಿಡ್ ಮಾತ್ರ ಬೇಡವೇ ಬೇಡ, ಅದು ಸ್ಟೀಲಿನಲ್ಲಿ ತೂತು ಕೊರೆಯುತ್ತದೆ.

ತಣ್ಣೀರಿನ ಪೈಪ್‌ನಲ್ಲಿ ಸುಣ್ಣ ಕಟ್ಟುವುದು ಕಡಿಮೆ. ಗೀಸರ್ ಅಥವಾ ಸೋಲಾರ್‌ನಿಂದ ಬರುವ ಬಿಸಿನೀರಿನ ಪೈಪ್‌ನಲ್ಲಿ, ಅದರಲ್ಲೂ ತಿರುವುಗಳಲ್ಲಿ ಹೆಚ್ಚು. ಬಿಸಿನೀರಿನ ಧಾರೆ ಮಾತ್ರ ಸಣ್ಣದಾಗುತ್ತಾ ಬಂದರೆ ಪೈಪ್ ಒಳಗಿನ ದಾರಿ ಕಿರಿದಾಗಿರಬಹುದು. ಮೊದಲು ನಲ್ಲಿಯ ಜಾಲರಿ ಬಿಚ್ಚಿ ನೋಡಿ, ಎಷ್ಟೋ ಸಲ ಚಕ್ಕೆ ಅಲ್ಲೇ ಸಿಕ್ಕಿರುತ್ತದೆ.

ಗೀಸರ್‌ನಲ್ಲಿ ಹಾನಿ ಬೇರೆ ಥರ. ನೀರಿನೊಳಗೇ ಮುಳುಗಿರುವ ಕಾಯಿಲ್‌ನ ಶಾಖ ಕೊನೆಗೂ ನೀರಿಗೇ ಸೇರುತ್ತದೆ, ಹಾಗಾಗಿ ಕರೆಂಟ್ ಬಿಲ್ ಅಷ್ಟೇನೂ ಏರುವುದಿಲ್ಲ. ಆದರೆ ಕಂಬಳಿ ಹೊದ್ದ ಹಾಗೆ ಪದರದ ಒಳಗೆ ಕಾಯಿಲ್ ಅತಿಯಾಗಿ ಕಾದು, ಒಂದು ದಿನ ಸುಟ್ಟುಹೋಗುತ್ತದೆ. ಅದಕ್ಕೂ ಮುಂಚೆ ಗೀಸರ್ ಸದ್ದು ಮಾಡುತ್ತದೆ. ಪದರದ ಅಡಿಯ ನೀರು ಆವಿಯಾಗಿ ಸಿಡಿಯುವಾಗ ಸಾಸಿವೆ ಸಿಡಿದಂತೆ ಚಟಪಟ, ಆಮೇಲೆ ಗೊರಗೊರ. ಥರ್ಮೋಸ್ಟಾಟ್ 75ರಲ್ಲಿದ್ದರೆ 60 ಡಿಗ್ರಿಗೆ ಇಳಿಸಿದರೆ ಪದರ ನಿಧಾನವಾಗಿ ಕಟ್ಟುತ್ತದೆ. ಸದ್ದು ಶುರುವಾಗಿದ್ದರೆ ಎಲೆಕ್ಟ್ರಿಷಿಯನ್ ಕರೆಸಿ ಕಾಯಿಲ್ ಬಿಚ್ಚಿಸಿ. ನಮ್ಮ ಗೀಸರ್ ತೆರೆದಾಗ ಕಾಯಿಲ್ ಹೆಬ್ಬೆರಳಿಗಿಂತ ದಪ್ಪವಾಗಿತ್ತು, ಟ್ಯಾಂಕಿನ ತಳದಿಂದ ಅರ್ಧ ಬಕೆಟ್ ಚಕ್ಕೆ ಬಂತು.