ಬೋರ್ಡು ಅಳಿಸುವ ಮುನ್ನ: ಉದ್ದದ ಉಪನ್ಯಾಸದಿಂದ ಮುಖ್ಯ ಫ್ರೇಮುಗಳನ್ನು ಆರಿಸಿದ ನನ್ನ ಅನುಭವ

ನನ್ನ ಕೈಗೆ ಬಂದದ್ದು 2 ಗಂಟೆ 20 ನಿಮಿಷಗಳ ಒಂದು ಉಪನ್ಯಾಸದ ರೆಕಾರ್ಡಿಂಗ್. ವಿಷಯ ಉಷ್ಣ ಎಂಜಿನ್‌ಗಳು. ಕ್ಯಾಮೆರಾವನ್ನು ಕೊಠಡಿಯ ಹಿಂಭಾಗದಲ್ಲಿ ಟ್ರೈಪಾಡಿನ ಮೇಲೆ ನಿಲ್ಲಿಸಿ ಬಿಟ್ಟಿದ್ದರು. ಮೊದಲಿನಿಂದ ಕೊನೆಯವರೆಗೆ ಒಂದೇ ಕೋನ, ಒಂದೇ ವೈಟ್‌ಬೋರ್ಡು, ಅದರ ಮುಂದೆ ಅತ್ತಿತ್ತ ಓಡಾಡುವ ಉಪನ್ಯಾಸಕರು. ಇದರಿಂದ ಎರಡು ಪುಟಗಳಿಗೆ ಮೀರದ ಸ್ಟೋರಿಬೋರ್ಡ್ ಮಾಡಬೇಕಿತ್ತು: ಪ್ರತಿ ಚಿತ್ರದ ಕೆಳಗೆ ಅದರ ಸಮಯ ಮತ್ತು ಎರಡು ಸಾಲಿನ ವಿವರಣೆ. ಸೆಕೆಂಡಿಗೆ 25 ಫ್ರೇಮುಗಳ ಲೆಕ್ಕದಲ್ಲಿ ಒಟ್ಟು 2,10,000 ಫ್ರೇಮುಗಳು. ಅವುಗಳಲ್ಲಿ ನನಗೆ ಬೇಕಾದದ್ದು ಸುಮಾರು ಹತ್ತು.

ಮೊದಲ ದಿನ ನಾನು ಸುಲಭದ ದಾರಿಗಳನ್ನೇ ಹಿಡಿದೆ. ವಿಡಿಯೊ ಕಡತದೊಳಗೆ ಈಗಾಗಲೇ ‘ಕೀಫ್ರೇಮ್’ಗಳಿರುತ್ತವೆಯಲ್ಲ, ಅವನ್ನೇ ಹೊರತೆಗೆದರಾಯಿತು ಎಂದುಕೊಂಡು ತೆಗೆದಾಗ ಎಂಟುನೂರಕ್ಕೂ ಹೆಚ್ಚು ಚಿತ್ರಗಳು ಬಂದವು. ಕಾರಣ ಸರಳ. ಅವು ಸಂಕೋಚನದ ಅನುಕೂಲಕ್ಕಾಗಿ ಇರುವ ಫ್ರೇಮುಗಳು. ದೃಶ್ಯದಲ್ಲಿ ಏನೂ ಬದಲಾಗದಿದ್ದರೂ ಎನ್‌ಕೋಡರು ಇಂತಿಷ್ಟು ಫ್ರೇಮುಗಳಿಗೊಮ್ಮೆ ಪೂರ್ಣ ಚಿತ್ರವೊಂದನ್ನು ಬರೆದಿಡುತ್ತದೆ. ಈ ಕಡತದಲ್ಲಿ ಅದು 250 ಫ್ರೇಮುಗಳಿಗೊಮ್ಮೆ, ಅಂದರೆ 10 ಸೆಕೆಂಡಿಗೊಮ್ಮೆ ಬರುತ್ತಿತ್ತು. ಹೆಸರು ಒಂದೇ ಆದರೂ ಸ್ಟೋರಿಬೋರ್ಡಿನ ಮುಖ್ಯ ಫ್ರೇಮಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಎರಡನೆಯ ಪ್ರಯತ್ನ, ffmpeg ಎಂಬ ವಿಡಿಯೊ ತಂತ್ರಾಂಶದಲ್ಲಿರುವ, ದೃಶ್ಯ ಬದಲಾವಣೆಯನ್ನು ಗುರುತಿಸುವ ಶೋಧಕದ್ದು:

```
ffmpeg -i path.mp4 -vf "select='gt(scene,0.3)'" -fps_mode vfr s_%04d.jpg
```

ಇದು ಏಳು ಚಿತ್ರಗಳನ್ನು ಕೊಟ್ಟಿತು. ದೀಪ ಆರಿಸಿದ್ದು, ಮತ್ತೆ ಹಚ್ಚಿದ್ದು, ಯಾರೋ ಕ್ಯಾಮೆರಾದ ಮುಂದೆಯೇ ಹಾದುಹೋದದ್ದು, ಟ್ರೈಪಾಡಿಗೆ ಕಾಲು ತಗುಲಿದ್ದು, ಇಂಥವೇ. ಬೋರ್ಡಿನ ಮೇಲೆ ಏನು ನಡೆಯಿತೆಂಬುದರ ಸುಳಿವೇ ಅವುಗಳಲ್ಲಿ ಇರಲಿಲ್ಲ. ಮಿತಿಯನ್ನು 0.02ಕ್ಕೆ ಇಳಿಸಿದಾಗ ಉಪನ್ಯಾಸಕರು ತಿರುಗಿದ, ಕೈಬೀಸಿದ ನೂರಾರು ಚಿತ್ರಗಳು ಸುರಿದವು. ಈ ಶೋಧಕ ಪ್ರತಿ ಫ್ರೇಮನ್ನು ಅದರ ಹಿಂದಿನ ಫ್ರೇಮಿನೊಂದಿಗೆ ಹೋಲಿಸುತ್ತದೆ. ಚಲನಚಿತ್ರದಲ್ಲಿ ಒಂದು ಶಾಟ್ ಮುಗಿದು ಇನ್ನೊಂದು ತೊಡಗುವುದನ್ನು ಹಿಡಿಯಲು ಅದು ಸಾಕು. ಆದರೆ ಬೋರ್ಡು ತುಂಬುವುದು ಹದಿನೈದು ನಿಮಿಷಗಳಲ್ಲಿ, ಅಳಿಸುವುದು ಇಪ್ಪತ್ತು ಸೆಕೆಂಡುಗಳಲ್ಲಿ. ಯಾವ ಎರಡು ಅಕ್ಕಪಕ್ಕದ ಫ್ರೇಮುಗಳ ನಡುವೆಯೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ.

ಆಗ ಪ್ರಶ್ನೆಯನ್ನೇ ಬದಲಿಸಿಕೊಂಡೆ. ಇಂಥ ರೆಕಾರ್ಡಿಂಗಿನಲ್ಲಿ ‘ಏನಾದರೂ ಬದಲಾದ ಕ್ಷಣ’ ನನಗೆ ಬೇಕಿರಲಿಲ್ಲ. ಬರೆದದ್ದೆಲ್ಲ ಬೋರ್ಡಿನ ಮೇಲೆ ಉಳಿದಿರುವ, ಇನ್ನೇನು ಡಸ್ಟರ್ ಹಿಡಿಯುತ್ತಾರೆ ಎನ್ನುವ ಕ್ಷಣ ಬೇಕಿತ್ತು. ಹಾಗಾದರೆ ಅಳೆಯಬೇಕಾದದ್ದು ಫ್ರೇಮುಗಳ ವ್ಯತ್ಯಾಸವನ್ನಲ್ಲ, ಬೋರ್ಡಿನ ಮೇಲಿರುವ ಶಾಯಿಯನ್ನು.

ಸೆಕೆಂಡಿಗೊಂದರಂತೆ, ಬೋರ್ಡಿನ ಭಾಗವನ್ನಷ್ಟೇ ಕತ್ತರಿಸಿ ಚಿತ್ರಗಳನ್ನು ತೆಗೆದೆ. ಮೂಲ ಚಿತ್ರದ ಅಳತೆ 1280×720. ಬೋರ್ಡು ಅದರಲ್ಲಿ 1200×600 ಜಾಗ ಹಿಡಿದಿತ್ತು.

```
ffmpeg -i path.mp4 -vf "fps=1,crop=1200:600:40:50" b/%05d.png
```

ಒಟ್ಟು 8,400 ಚಿತ್ರಗಳು. ಹೀಗೆ ತೆಗೆಯುವುದರಿಂದ ಇನ್ನೊಂದು ಲಾಭವೂ ಇದೆ: ಕಡತದ ಸಂಖ್ಯೆಯಿಂದ ಒಂದನ್ನು ಕಳೆದರೆ ಸಮಯ ಸೆಕೆಂಡುಗಳಲ್ಲಿ ಸಿಗುತ್ತದೆ. ಫೋನಿನಲ್ಲಿ ಅಥವಾ ಆನ್‌ಲೈನ್ ಸಭೆಯಲ್ಲಿ ಮಾಡಿದ ರೆಕಾರ್ಡಿಂಗುಗಳಲ್ಲಿ ಫ್ರೇಮುಗಳ ವೇಗ ಹಲವು ಬಾರಿ ಏರಿಳಿಯುತ್ತಿರುವುದರಿಂದ, ಫ್ರೇಮಿನ ಕ್ರಮಸಂಖ್ಯೆಯನ್ನು 25ರಿಂದ ಭಾಗಿಸಿ ಸಮಯ ಬರೆಯುವವರು ಕೊನೆಯ ಹೊತ್ತಿಗೆ ನಿಮಿಷಗಟ್ಟಲೆ ತಪ್ಪಿರುತ್ತಾರೆ. ಹಿಂದೊಮ್ಮೆ ನಾನೇ ತಪ್ಪಿದ್ದೆ.

ಶಾಯಿಯನ್ನು ಅಳೆಯಲು ಇದ್ದ ದೊಡ್ಡ ತೊಡಕು ಉಪನ್ಯಾಸಕರೇ. ಅವರ ಕಪ್ಪು ಕೋಟು ಬೋರ್ಡಿನ ಮೇಲಿನ ಎಲ್ಲ ಅಕ್ಷರಗಳಿಗಿಂತ ಹೆಚ್ಚು ಪಿಕ್ಸೆಲ್‌ಗಳನ್ನು ಕಪ್ಪಾಗಿಸುತ್ತಿತ್ತು. ಇದಕ್ಕೆ ಎರಡು ಉಪಾಯಗಳನ್ನು ಜೋಡಿಸಿದೆ. ಮೊದಲನೆಯದು, ಒಂದೇ ಫ್ರೇಮನ್ನು ನೋಡದೆ ಅದರ ಹಿಂದಿನ 15 ಮತ್ತು ಮುಂದಿನ 15 ಫ್ರೇಮುಗಳನ್ನು ಸೇರಿಸಿ ಪ್ರತಿ ಪಿಕ್ಸೆಲ್‌ನ ಮಧ್ಯಾಂಕವನ್ನು ತೆಗೆದುಕೊಳ್ಳುವುದು. ಆ 31 ಸೆಕೆಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಕಾಣಿಸಿದ ವಸ್ತು ಉಳಿಯುತ್ತದೆ. ನಡೆದಾಡುವ ಮನುಷ್ಯ ಮಾಯವಾಗುತ್ತಾನೆ. ಎರಡನೆಯದು, ಇಡೀ ಚಿತ್ರಕ್ಕೆ ಒಂದೇ ಮಿತಿಯನ್ನು ಹಾಕದೆ, ಪ್ರತಿ ಪಿಕ್ಸೆಲ್ ತನ್ನ ನೆರೆಹೊರೆಗಿಂತ ಕಪ್ಪಾಗಿದೆಯೇ ಎಂದು ಮಾತ್ರ ಕೇಳುವುದು. ತೆಳ್ಳಗಿನ ಗೆರೆ ತನ್ನ ಸುತ್ತಲಿನ ಬಿಳಿಗಿಂತ ಕಪ್ಪು; ಕೋಟಿನ ನಡುವಿನ ಪಿಕ್ಸೆಲ್ ಸುತ್ತಲಿನ ಕೋಟಿನಷ್ಟೇ ಕಪ್ಪು, ಆದ್ದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ, ಅಂಚು ಮಾತ್ರ ಬರುತ್ತದೆ. ದೀಪ ಮಂಕಾದಾಗಲೂ ಈ ಅಳತೆ ಅಷ್ಟಾಗಿ ಕೆಡುವುದಿಲ್ಲ.

```python
import cv2, glob, numpy as np
files = sorted(glob.glob("b/*.png"))

def ink(i, x0, x1):
    w = [cv2.imread(f, 0)[:, x0:x1] for f in files[max(0, i-15):i+16]]
    m = np.median(np.stack(w), axis=0).astype("uint8")
    t = cv2.adaptiveThreshold(m, 255, cv2.ADAPTIVE_THRESH_MEAN_C,
                              cv2.THRESH_BINARY_INV, 25, 10)
    return cv2.countNonZero(t)
```

ಐದು ಸೆಕೆಂಡಿಗೊಮ್ಮೆ ಈ ಸಂಖ್ಯೆಯನ್ನು ತೆಗೆದು ರೇಖೆ ಎಳೆದಾಗ ಗರಗಸದ ಹಲ್ಲಿನಂಥ ಆಕೃತಿಯನ್ನು ನಿರೀಕ್ಷಿಸಿದ್ದೆ: ನಿಧಾನ ಏರಿಕೆ, ಥಟ್ಟನೆ ಇಳಿತ. ಬಂದದ್ದು ಮೂರೇ ಸ್ಪಷ್ಟ ಇಳಿತಗಳಿದ್ದ ಗುಡ್ಡದ ಸಾಲು. ರೆಕಾರ್ಡಿಂಗನ್ನು ಓಡಿಸಿ ನೋಡಿದ ಮೇಲೆ ಕಾರಣ ತಿಳಿಯಿತು. ಉಪನ್ಯಾಸಕರು ಬೋರ್ಡನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿಕೊಂಡಿದ್ದರು. ಬಲಪಾಲು ತುಂಬಿದಾಗ ಎಡಪಾಲನ್ನಷ್ಟೇ ಒರೆಸಿ ಅಲ್ಲಿ ಮುಂದುವರಿಸುತ್ತಿದ್ದರು. ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಸೇರುತ್ತಿದ್ದುದರಿಂದ ಒಟ್ಟು ಶಾಯಿ ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು.

ಆದ್ದರಿಂದ ಬೋರ್ಡನ್ನು 400 ಪಿಕ್ಸೆಲ್ ಅಗಲದ ಮೂರು ಪಟ್ಟಿಗಳಾಗಿ ಸೀಳಿ, ಮೂರಕ್ಕೂ ಬೇರೆ ಬೇರೆ ರೇಖೆ ಎಳೆದೆ. ಈಗ ಗರಗಸ ಕಾಣಿಸಿತು. ಎಡಪಟ್ಟಿ ಖಾಲಿ ಇದ್ದಾಗ ಸುಮಾರು 1,500 ಪಿಕ್ಸೆಲ್‌ಗಳು (ಬೋರ್ಡಿನ ಅಂಚು, ಹಳೆಯ ಕಲೆಗಳು), ತುಂಬಿದಾಗ ಸುಮಾರು 19,000. ಹಿಂದಿನ ಶಿಖರದ ಶೇಕಡಾ 60ಕ್ಕಿಂತ ಕೆಳಗಿಳಿದರೆ ಅದನ್ನು ಅಳಿಸುವಿಕೆ ಎಂದು ಗುರುತು ಹಾಕಿದೆ. ಮೂರೂ ಪಟ್ಟಿಗಳಲ್ಲಿ ಸೇರಿ 11 ಇಳಿತಗಳು ಸಿಕ್ಕವು.

ಅವುಗಳಲ್ಲಿ ಎರಡು ಸುಳ್ಳು. ಪ್ರಶ್ನೆಗೆ ಉತ್ತರ ಕೊಡುತ್ತ ಉಪನ್ಯಾಸಕರು ಎಡಪಟ್ಟಿಯ ಮುಂದೆ ಮೂರು ನಿಮಿಷ ಅಲುಗಾಡದೆ ನಿಂತಿದ್ದರು. ಅಷ್ಟು ಹೊತ್ತು ನಿಂತವರನ್ನು 31 ಸೆಕೆಂಡಿನ ಮಧ್ಯಾಂಕ ಅಳಿಸಲಾರದು, ಅವರ ಬೆನ್ನು ಅಕ್ಷರಗಳನ್ನು ಮುಚ್ಚಿತು, ಶಾಯಿ ಇಳಿಯಿತು. ಇನ್ನೊಂದು ಮಧ್ಯಪಟ್ಟಿಯಲ್ಲಿ ಹಾಗೆಯೇ ಆದದ್ದು. ನಿಜವಾದ ಅಳಿಸುವಿಕೆಯನ್ನು ಇದರಿಂದ ಬೇರ್ಪಡಿಸುವ ಗುರುತು ಇಳಿತದಲ್ಲಿಲ್ಲ, ಆಮೇಲಿನ ಏರಿಕೆಯಲ್ಲಿದೆ. ಒರೆಸಿದ ಬೋರ್ಡು ಮತ್ತೆ ಸಾಲುಸಾಲಾಗಿ ತುಂಬಬೇಕು, ರೇಖೆ ಇಳಿಜಾರಿನಂತೆ ಮೇಲೇರುತ್ತದೆ. ಮನುಷ್ಯ ಪಕ್ಕಕ್ಕೆ ಸರಿದಾಗ ರೇಖೆ ಒಮ್ಮೆಗೇ ಹಳೆಯ ಎತ್ತರಕ್ಕೆ ಜಿಗಿಯುತ್ತದೆ.

ಉಳಿದ ಒಂಬತ್ತರಲ್ಲಿ ಎರಡು ಒಂದೇ ನಿಮಿಷದೊಳಗೆ ಬಂದಿದ್ದರಿಂದ ಅವನ್ನು ಒಂದಾಗಿ ಎಣಿಸಿ, ಎಂಟು ಕ್ಷಣಗಳನ್ನು ಇಟ್ಟುಕೊಂಡೆ. ಪ್ರತಿಯೊಂದಕ್ಕೂ ರೇಖೆಯ ಶಿಖರದಲ್ಲಿರುವ ಫ್ರೇಮನ್ನು, ಅಂದರೆ ಶಾಯಿ ಅತಿ ಹೆಚ್ಚಿರುವ ಫ್ರೇಮನ್ನು ಆರಿಸಿ ಸ್ಟೋರಿಬೋರ್ಡ್ ಜೋಡಿಸಿದೆ. ಇಲ್ಲಿ ನಾನು ಮಾಡಿದ್ದು ತಪ್ಪು, ಮತ್ತು ಆ ತಪ್ಪು ನನಗೆ ಕಂಡದ್ದೂ ಅಲ್ಲ. ಉಪನ್ಯಾಸವನ್ನು ಕೇಳಿರದ, ಆದರೆ ವಿಷಯ ಬಲ್ಲ ಒಬ್ಬ ಸಹೋದ್ಯೋಗಿಗೆ ಕರಡನ್ನು ತೋರಿಸಿದಾಗ ಅವರು ನಾಲ್ಕನೆಯ ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು:

“ಇವರು ಎಂಜಿನ್ ಬಗ್ಗೆ ಹೇಳುತ್ತಿದ್ದಾರೋ, ರೆಫ್ರಿಜರೇಟರ್ ಬಗ್ಗೆಯೋ? ಬಾಣಗಳು ತಿರುಗುಮುರುಗಾಗಿವೆಯಲ್ಲ.”

ಆ ಚಿತ್ರದಲ್ಲಿದ್ದುದು ಕಾರ್ನೋ ಚಕ್ರದ ಒತ್ತಡ–ಗಾತ್ರದ ನಕ್ಷೆ. ಎಂಜಿನ್ ಆದರೆ ಚಕ್ರ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಸಾಗಬೇಕು. ಚಿತ್ರದಲ್ಲಿ ಅದರ ವಿರುದ್ಧ ದಿಕ್ಕಿಗಿತ್ತು. ಮೂಲವನ್ನು ತೆರೆದು ನೋಡಿದೆ. ಉಪನ್ಯಾಸಕರು ಮಾತಿನ ಭರದಲ್ಲಿ ಬಾಣಗಳನ್ನು ಉಲ್ಟಾ ಹಾಕಿದ್ದರು. ನಾಲ್ಕು ನಿಮಿಷಗಳ ನಂತರ ಅದನ್ನು ಗಮನಿಸಿ ಬೆರಳಿನಿಂದಲೇ ಒರೆಸಿ ಸರಿಪಡಿಸಿದ್ದರು, ಅದರೊಂದಿಗೆ ಪಕ್ಕದಲ್ಲಿದ್ದ ಒಂದು ಉಪಲೆಕ್ಕವನ್ನೂ ಅಳಿಸಿದ್ದರು. ತಿದ್ದುಪಡಿ ಎಂದರೆ ಹಲವು ಬಾರಿ ಶಾಯಿ ಕಡಿಮೆಯಾಗುವುದೇ. ಹಾಗಾಗಿ ಶಾಯಿ ಅತಿ ಹೆಚ್ಚಿದ್ದ ಫ್ರೇಮಿನಲ್ಲಿ ತಪ್ಪು ಬಾಣಗಳಿದ್ದವು, ಸರಿಯಾದ ಬಾಣಗಳಿದ್ದ ಫ್ರೇಮು ಶಿಖರದಿಂದ ಸ್ವಲ್ಪ ಕೆಳಗಿತ್ತು.

ಅಂದಿನಿಂದ ನಾನು ಶಿಖರವನ್ನು ಇಳಿತವನ್ನು ಅಳೆಯಲು ಮಾತ್ರ ಬಳಸುತ್ತೇನೆ. ಫ್ರೇಮನ್ನು ಆರಿಸುವುದು ಇಳಿತ ತೊಡಗುವ ಅಂಚಿನಿಂದ ಹಿಂದಕ್ಕೆ ಹೋಗಿ. ಮಧ್ಯಾಂಕವು ಅಂಚನ್ನು 15 ಸೆಕೆಂಡಿನಷ್ಟು ಮಸುಕಾಗಿಸಿರುತ್ತದೆ, ಆದ್ದರಿಂದ ಮೊದಲು 20 ಸೆಕೆಂಡು ಹಿಂದೆ ಸರಿಯುತ್ತೇನೆ, ಅಲ್ಲಿಂದ ಇನ್ನೂ ಹಿಂದಿನ 60 ಸೆಕೆಂಡುಗಳ ಫ್ರೇಮುಗಳನ್ನು ಒಟ್ಟುಮಾಡುತ್ತೇನೆ. ಅವುಗಳ ಮಧ್ಯಾಂಕದ ಚಿತ್ರದಲ್ಲಿ ಬೋರ್ಡು ಮನುಷ್ಯನಿಲ್ಲದೆ ಕಾಣುತ್ತದೆ. ಅದಕ್ಕೆ ಅತಿ ಹತ್ತಿರವಿರುವ ನಿಜವಾದ ಫ್ರೇಮೇ ಉಪನ್ಯಾಸಕರು ಬರಹವನ್ನು ಕಡಿಮೆ ಮುಚ್ಚಿರುವ ಫ್ರೇಮು. ಮಧ್ಯಾಂಕದ ಚಿತ್ರವನ್ನೇ ಸ್ಟೋರಿಬೋರ್ಡಿಗೆ ಹಾಕಬಹುದಲ್ಲವೇ ಎಂದು ಕೇಳುವವರಿದ್ದಾರೆ. ನಾನು ಹಾಕುವುದಿಲ್ಲ. ಅದು ಯಾವ ಕ್ಷಣದಲ್ಲೂ ಇರದಿದ್ದ ಚಿತ್ರ, ಅದರ ಕೆಳಗೆ ಬರೆಯುವ ಸಮಯಕ್ಕೆ ಅರ್ಥವಿರುವುದಿಲ್ಲ. ಬರೆಯುತ್ತಿದ್ದಾಗಿನ ಅಕ್ಷರಗಳು ಅರೆಬರೆಯಾಗಿ ಉಳಿಯುವುದೂ ಉಂಟು.

ಮಸುಕಾದ ಫ್ರೇಮುಗಳನ್ನು ತಳ್ಳಿಹಾಕಲು, ಚಿತ್ರದ ಅಂಚುಗಳು ಎಷ್ಟು ಚೂಪಾಗಿವೆ ಎಂದು ಅಳೆಯುವ ಲ್ಯಾಪ್ಲೇಸಿಯನ್ ವ್ಯತ್ಯಯವನ್ನು ನೋಡುವುದು ವಾಡಿಕೆ. ಬೋರ್ಡಿನ ವಿಷಯದಲ್ಲಿ ಅದನ್ನು ಆ 60 ಸೆಕೆಂಡುಗಳ ಒಳಗೆ ಮಾತ್ರ ಹೋಲಿಸಬೇಕು. ಹೆಚ್ಚು ಬರಹವಿದ್ದಷ್ಟೂ ಆ ಸಂಖ್ಯೆ ತಾನಾಗಿಯೇ ಹೆಚ್ಚುವುದರಿಂದ, ಇಡೀ ಉಪನ್ಯಾಸಕ್ಕೆ ಒಂದೇ ಮಿತಿ ಹಾಕಿದರೆ ಸ್ಪಷ್ಟವಾಗಿದ್ದರೂ ಕಡಿಮೆ ಬರಹವಿರುವ ಬೋರ್ಡುಗಳು ಮಸುಕೆಂದು ಹೊರಬೀಳುತ್ತವೆ.

ಹೀಗೆ ಎಂಟು ಫ್ರೇಮುಗಳಾದವು. ಒಂಬತ್ತನೆಯದು ಕೊನೆಯ ಬೋರ್ಡು. ಅದನ್ನು ಯಾರೂ ಅಳಿಸಲಿಲ್ಲ, ರೆಕಾರ್ಡಿಂಗ್ ಹಾಗೆಯೇ ಮುಗಿದಿತ್ತು. ಇಳಿತವನ್ನೇ ಹುಡುಕುವ ಈ ವಿಧಾನಕ್ಕೆ ಅದು ಕಾಣುವುದೇ ಇಲ್ಲ, ಉಪನ್ಯಾಸದ ಅಂತಿಮ ಸೂತ್ರ ಅದರಲ್ಲೇ ಇದ್ದರೂ. ಅದನ್ನು ಕೈಯಿಂದ ಸೇರಿಸಿದೆ. ಹತ್ತನೆಯದು ಸುಮಾರು ಹನ್ನೆರಡು ನಿಮಿಷಗಳ ಪ್ರಶ್ನೋತ್ತರಕ್ಕೆ ಸೇರಿದ್ದು. ಅಷ್ಟು ಹೊತ್ತೂ ಬೋರ್ಡಿನ ಮೇಲೆ ಒಂದು ಗೆರೆಯೂ ಬದಲಾಗಿರಲಿಲ್ಲ, ಮೂರೂ ರೇಖೆಗಳು ಮಟ್ಟಸವಾಗಿದ್ದವು; ಆದರೆ ಕೇಳಿದ ಪ್ರಶ್ನೆಗಳಲ್ಲೊಂದು ಇಡೀ ವಿಷಯವನ್ನು ಬಿಡಿಸಿಟ್ಟಿತ್ತು. ಅದಕ್ಕೆ ಉಪನ್ಯಾಸಕರು ನಕ್ಷೆಯ ಒಂದು ಮೂಲೆಗೆ ಕೈತೋರಿಸಿ ನಿಂತಿದ್ದ ಫ್ರೇಮನ್ನು ಆರಿಸಿ, ಉಳಿದವಕ್ಕೆ ಎರಡು ಸಾಲಿದ್ದರೆ ಇದಕ್ಕೆ ಆರು ಸಾಲು ಬರೆದೆ.