ಮಾವಿನ ಸೀಸನ್ನಿನಲ್ಲಿ ಕೆಟ್ಟ ಬಕೆಟ್: ನೆರೆಮನೆಯವರಿಗೆ ಗೊಬ್ಬರ ಮಾಡೋದು ಕಲಿಸಿದ ಅನುಭವ

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಒಂಬತ್ತು ಮನೆಯವರಿಗೆ ನಾಲ್ಕು ಭಾನುವಾರ ಕಸದ ಪಾಠ ಮಾಡಿದೆ. ಪಾಠ ಅಂದರೆ ದೊಡ್ಡದೇನಲ್ಲ. ಟೆರೇಸಿನಲ್ಲಿ ಬೆಳಿಗ್ಗೆ ಒಂದು ಗಂಟೆ, ಒಂದು ಫ್ಲಾಸ್ಕ್ ಕಾಫಿ, ಹಾಸೋಕೆ ಹಳೇ ಪೇಪರು, ಮತ್ತೆ ಆರು ವರ್ಷದಿಂದ ನಾನು ಗೊಬ್ಬರ ಮಾಡುತ್ತಿರುವ ಮೂರು ಪೇಂಟ್ ಬಕೆಟ್. ಬೆಂಗಳೂರಿನಲ್ಲಿ ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಡೈಪರ್, ಪ್ಯಾಡ್ ಥರದ್ದು, ಚೀಲಕ್ಕೆ ಒಣ ಕಸ ಅಂತ 2015ರ ಡಿಸೆಂಬರಿನಲ್ಲೇ ಹೈಕೋರ್ಟ್ ಹೇಳಿದೆ. ಹಾಗಾಗಿ ಇದೆಲ್ಲ ಗೊತ್ತು ಅಂತಲೇ ಎಲ್ಲರೂ ಬಂದಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಮೊದಲ ಭಾನುವಾರ ಒಂದೇ ಕೆಲಸ. ಪ್ರತಿ ಮನೆಯವರೂ ಹಿಂದಿನ ದಿನದ ಕಸ ತರಬೇಕು, ಪೇಪರ್ ಮೇಲೆ ಸುರಿಯಬೇಕು. ಮುಜುಗರ ಆಗತ್ತೆ ಅಂತ ಇಬ್ಬರು ಕಸ ತರಲೇ ಇಲ್ಲ, ನನ್ನದನ್ನೇ ಮೊದಲು ಸುರಿದೆ. ಅದರಲ್ಲೂ ತಪ್ಪಿತ್ತು. ಹಸಿ ಕಸದೊಳಗೆ ಎರಡು ಸೇಬಿನ ಸ್ಟಿಕ್ಕರ್, ಕೊತ್ತಂಬರಿ ಕಟ್ಟಿನ ರಬ್ಬರ್ ಬ್ಯಾಂಡ್, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ. ಈ ಮೂಲೆ ನೋಡೋಕೆ ಉಗುರಿನಷ್ಟು, ಆದರೆ ಎರಡು ತಿಂಗಳಾದ ಮೇಲೆ ಗೊಬ್ಬರ ಜರಡಿ ಹಿಡಿದಾಗ ಹೇಗೆ ಹೋಗಿತ್ತೋ ಹಾಗೇ, ಅಚ್ಚು ಕೂಡ ಮಾಸದೆ, ವಾಪಸ್ ಬರತ್ತೆ. ಈಗ ನಾವು ಪ್ಯಾಕೆಟ್ ಕತ್ತರಿಸುವಾಗ ಮೂಲೆಯನ್ನು ಪೂರ್ತಿ ಬೇರೆ ಮಾಡಲ್ಲ, ಅಂಟಿಕೊಂಡೇ ಇರಲಿ ಅಂತ ಬಿಡುತ್ತೇವೆ. ಆಮೇಲೆ ಪ್ಯಾಕೆಟ್ಟನ್ನು ಒಂದು ಸಲ ತೊಳೆದು, ಸಿಂಕಿನ ಹಿಂದಿನ ಟೈಲ್ಸಿಗೆ ಅಂಟಿಸಿ, ಒಣಗಿದ ಮೇಲೆ ಚೀಲಕ್ಕೆ. ತೊಳೆಯದ ಪ್ಯಾಕೆಟ್ ಇಡೀ ಚೀಲವನ್ನೇ ನಾರಿಸುತ್ತೆ.

ಉಳಿದ ಮನೆಗಳಲ್ಲಿ ಸಿಕ್ಕ ತಪ್ಪುಗಳು ಹೆಚ್ಚುಕಡಿಮೆ ಒಂದೇ ಥರ. ಪೇಪರ್ ಲೋಟ ಪೇಪರ್ ತಾನೇ ಅಂತ ಹಸಿ ಕಸಕ್ಕೆ ಹಾಕಿದ್ದರು. ಒಳಗಡೆ ಪ್ಲಾಸ್ಟಿಕ್ ಪದರ ಇರತ್ತೆ, ಹರಿದು ನೋಡಿದರೆ ಸಿಪ್ಪೆ ಥರ ಎದ್ದು ಬರತ್ತೆ. ಗೊಬ್ಬರ ಆಗತ್ತೆ ಅಂತ ಬರೆದಿರೋ ಕ್ಯಾರಿಬ್ಯಾಗ್ ಕೂಡ ಅಷ್ಟೇ, ಅದಕ್ಕೆ ಕಾರ್ಖಾನೆ ಮಟ್ಟದ ಬಿಸಿ ಬೇಕು, ನಮ್ಮ ಬಕೆಟ್ಟಿನಲ್ಲಿ ಚಿಂದಿಯಾಗಿ ಕೂತಿರತ್ತೆ. ಗುಡಿಸಿದ ಧೂಳು, ಕೂದಲನ್ನು ನಾನು ಕೆಂಪು ಬುಟ್ಟಿಗೆ ಹಾಕುತ್ತೇನೆ. ಪ್ಯಾಡನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಅಂತ ಹೇಳಿದಾಗ ಒಬ್ಬರು, ಅದನ್ನು ಯಾರು ನೋಡ್ತಾರೆ ಅಂದರು. ಪೌರಕಾರ್ಮಿಕರು ಕೈಯಲ್ಲಿ ಬಿಚ್ಚಿ ನೋಡಬಾರದು ಅಂತಲೇ ಅಲ್ವಾ ಆ ಗುರುತು.

ಎರಡನೇ ಭಾನುವಾರ ಬಕೆಟ್ ಕಟ್ಟಿದೆವು. 20 ಲೀಟರಿನ ಹಳೇ ಪೇಂಟ್ ಬಕೆಟ್. ತಳಕ್ಕೆ ಎಂಟು ಹತ್ತು ತೂತು, ಪಕ್ಕದಲ್ಲಿ ಸುತ್ತಲೂ ಮೂರು ಸಾಲು ತೂತು. ಕಾದ ಮೊಳೆ ಇದ್ದರೆ ಡ್ರಿಲ್ಲಿಂಗ್ ಮಷೀನ್ ಬೇಕಿಲ್ಲ. ಬಕೆಟ್ಟನ್ನು ಎರಡು ಇಟ್ಟಿಗೆ ಮೇಲೆ ಇಟ್ಟು ಕೆಳಗೆ ಒಂದು ತಟ್ಟೆ. ಒಳಗೆ ತಳದಲ್ಲಿ ಎರಡು ಇಂಚು ದಪ್ಪಕ್ಕೆ ತೆಂಗಿನ ನಾರು, ಸಣ್ಣ ಕಡ್ಡಿ. ಅದರ ಮೇಲೆ ಒಂದು ಹಿಡಿ ಹಳೇ ಗೊಬ್ಬರ, ಇಲ್ಲದವರು ಹುಳಿ ಮಜ್ಜಿಗೆ ಚಿಮುಕಿಸಿದ ತರಗೆಲೆ. ಆಮೇಲೆ ದಿನಾ ಒಂದು ಬಟ್ಟಲು ಹಸಿ ಕಸಕ್ಕೆ ಒಂದು ಬಟ್ಟಲು ಪುಡಿ ಮಾಡಿದ ತರಗೆಲೆ. ತರಗೆಲೆ ಬದಲು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಆದರೆ ಅರ್ಧ ಬಟ್ಟಲು ಸಾಕು. ನಮ್ಮ ಮನೆಯಲ್ಲಿ ಮೂರು ಜನ, ದಿನಕ್ಕೆ ಸುಮಾರು ಅರ್ಧ ಕೆಜಿ ಹಸಿ ಕಸ, ಒಂದು ಬಕೆಟ್ ಮೂರು ವಾರಕ್ಕೆ ತುಂಬುತ್ತೆ. ಮೂರನೇ ಬಕೆಟ್ ತುಂಬೋ ಹೊತ್ತಿಗೆ ಮೊದಲನೆಯದು ಆರು ವಾರ ಸುಮ್ನೆ ಕೂತಿರತ್ತೆ. ಅದಕ್ಕೇ ಮೂರು ಬಕೆಟ್.

ಇಲ್ಲಿವರೆಗೆ ಎಲ್ಲ ಚೆನ್ನಾಗೇ ಇತ್ತು. ನಿಜವಾದ ಪಾಠ ಶುರುವಾಗಿದ್ದು ತರಗತಿ ಮುಗಿದ ಮೇಲೆ, ಮೇ ಮೂರನೇ ವಾರದಲ್ಲಿ. ಎರಡನೇ ಮಹಡಿಯ ಆಂಟಿ ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. "ನೋಡಮ್ಮಾ, ಬಾಲ್ಕನಿಗೆ ಕಾಲಿಡೋಕಾಗ್ತಿಲ್ಲ. ಹುಳ ಗೋಡೆ ಹತ್ತುತ್ತಿವೆ. ನಮ್ಮತ್ತೆ ಫಿನಾಯಿಲ್ ಹಿಡಕೊಂಡು ನಿಂತಿದ್ದಾರೆ." ಫಿನಾಯಿಲ್ ಮಾತ್ರ ಬೇಡ ಆಂಟೀ ಅಂತ ಹೇಳಿ ಓಡಿದೆ. ಫಿನಾಯಿಲ್ ಹಾಕಿದರೆ ಹುಳದ ಜೊತೆ ಕಸ ಕೊಳೆಯಿಸೋ ಜೀವಾಣುಗಳೂ ಸಾಯುತ್ತವೆ, ಆ ಬಕೆಟ್ ಮತ್ತೆ ಗಿಡಕ್ಕೆ ಬರಲ್ಲ.

ಮೊದಲು ನಾನು ನೋಡೋದಲ್ಲ, ಮೂಸೋದು. ಕೆಟ್ಟ ಬಕೆಟ್ಟಿಗೆ ಮುಖ್ಯವಾಗಿ ಎರಡು ವಾಸನೆ. ಕೊಳೆತ ಮೊಟ್ಟೆ ಥರ ಬಂದರೆ ಒಳಗೆ ಗಾಳಿ ಇಲ್ಲ, ನೀರು ತುಂಬಿದೆ. ಮೂಗಿಗೆ ಚುರ್ ಅನ್ನೋ ಹಾಗೆ, ಸರಿಯಾಗಿ ತೊಳೆಯದ ಬಚ್ಚಲ ಥರ ಬಂದರೆ ಅಮೋನಿಯಾ, ಅಂದರೆ ತರಗೆಲೆ ಕಮ್ಮಿಯಾಗಿ ಹಸಿ ಕಸ ಜಾಸ್ತಿಯಾಗಿದೆ. ಆಂಟಿ ಬಕೆಟ್ಟು ಕೊಳೆತ ಮೊಟ್ಟೆ. ಆಮೇಲೆ ಗ್ಲೌಸ್ ಹಾಕಿ ಒಂದು ಹಿಡಿ ತೆಗೆದು ಹಿಂಡಿದೆ. ಒಂದೆರಡು ಹನಿ ಬಂದು ಉಂಡೆ ನಿಂತರೆ ಹದ ಸರಿ ಇದೆ ಅಂತ ಅರ್ಥ. ಇದರಲ್ಲಿ ಬೆರಳ ಸಂದಿಯಿಂದ ಧಾರೆ ಇಳಿಯಿತು.

ಟೆರೇಸಿಗೆ ಒಯ್ದು ಪ್ಲಾಸ್ಟಿಕ್ ಶೀಟ್ ಮೇಲೆ ಮಗುಚಿದೆವು. ಮಗುಚಿದಾಗ ಮೂರು ವಾರದ ಅಡುಗೆಮನೆ ಪದರಪದರವಾಗಿ ಕಾಣಿಸಿತು. ಮೇಲೆ ಮಾವಿನ ಸಿಪ್ಪೆ, ಹೆಚ್ಚದೆ ಇಡೀ ಇಡೀ ಹಾಕಿದ್ದು, ಒಂದರ ಮೇಲೊಂದು ಅಂಟಿ ಛತ್ರಿ ಥರ ಕೂತಿತ್ತು. ನಡುವೆ ಮುಷ್ಟಿ ಗಾತ್ರದ ಬಿಳಿ ಉಂಡೆಗಳು. ಒಡೆದರೆ ಅನ್ನ. ಸಾರು ಕಲಸಿದ ಅನ್ನ ಮಿಕ್ಕಿದ್ದನ್ನು ಹಾಗೇ ಸುರಿದಿದ್ದರು, ಸಾರಿನ ಸಮೇತ. ತಳದಲ್ಲಿ ಕಪ್ಪು ಲೋಳೆ, ತೂತುಗಳನ್ನೆಲ್ಲ ಅದೇ ಮುಚ್ಚಿತ್ತು. ಕೆಳಗಿನ ತಟ್ಟೆ ಒಣಗಿತ್ತು. ತಟ್ಟೆಗೆ ನೀರು ಬಂದಿಲ್ಲ, ಅದಕ್ಕೇ ಎಲ್ಲ ಸರಿ ಇದೆ ಅಂದುಕೊಂಡೆ ಅಂದರು ಆಂಟಿ. ಆ ಮಾತು ಕೇಳಿ ನನಗೇ ನಾಚಿಕೆ ಆಯಿತು. ತಟ್ಟೆಗೆ ಜಾಸ್ತಿ ನೀರು ಬಂದರೆ ತಪ್ಪು ಅಂತ ಪಾಠದಲ್ಲಿ ಹೇಳಿದ್ದೆ. ಬಕೆಟ್ ಭಾರವಾಗಿದ್ದು ತಟ್ಟೆ ಒಣಗಿದ್ದರೆ ಅದು ಇನ್ನೂ ದೊಡ್ಡ ತಪ್ಪು ಅಂತ ಹೇಳಿರಲಿಲ್ಲ.

ತರಗೆಲೆ ಎಷ್ಟು ಹಾಕ್ತಿದ್ದಿರಿ ಅಂತ ಕೇಳಿದೆ. "ಹಾಕ್ತಿದ್ದೆ, ಒಂದು ಹಿಡಿ." ನಾಲ್ಕು ಜನರ ಮನೆ, ಮಾವಿನ ಕಾಲ, ದಿನಕ್ಕೆ ಒಂದು ಕೆಜಿ ಮುಟ್ಟುತ್ತಿದ್ದ ಕಸ, ಅದಕ್ಕೆ ಒಂದು ಹಿಡಿ. ಹೊಸಬರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ. ತರಗೆಲೆಯನ್ನು ಮೇಲೆ ಉದುರಿಸೋ ಕೊತ್ತಂಬರಿ ಅಂತ ಎಣಿಸುತ್ತಾರೆ. ಬಕೆಟ್ಟಿನೊಳಗೆ ನೀರು ಹೀರೋದೂ ಅದೇ, ಗಾಳಿಗೆ ಜಾಗ ಬಿಡೋದೂ ಅದೇ.

ಸರಿ ಮಾಡಿದ ರೀತಿ ಇಷ್ಟು. ಎಲ್ಲವನ್ನೂ ನೆರಳಿನಲ್ಲಿ ಎರಡು ಗಂಟೆ ಹರಡಿ ಬಿಟ್ಟೆವು. ಅನ್ನದ ಉಂಡೆ ಒಡೆದೆವು, ಸಿಪ್ಪೆಗಳನ್ನು ಹಳೇ ಕತ್ತರಿಯಲ್ಲಿ ಎರಡು ಇಂಚಿನ ತುಂಡು ಮಾಡಿದೆವು, ವಾಟೆಗಳನ್ನು ಆರಿಸಿ ತೆಗೆದೆವು. ತಳದ ಲೋಳೆಯನ್ನು ಬಿಸಾಡಲಿಲ್ಲ, ತರಗೆಲೆ ಜೊತೆ ಚೆನ್ನಾಗಿ ಕಲಸಿದೆವು. ಒಟ್ಟು ರಾಶಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ತರಗೆಲೆ ಹಿಡಿಯಿತು, ಹಾಗಾಗಿ ಒಂದು ಬಕೆಟ್ ಎರಡಾಯಿತು. ಮೊಳೆಯಿಂದ ತೂತು ಬಿಡಿಸಿ, ತಳಕ್ಕೆ ಹೊಸ ತೆಂಗಿನ ನಾರು ಹಾಕಿ, ನನ್ನ ಬಕೆಟ್ಟಿನಿಂದ ನಾಲ್ಕು ಹಿಡಿ ಹಳೇ ಗೊಬ್ಬರ ಸೇರಿಸಿ ವಾಪಸ್ ತುಂಬಿದೆವು. ಮುಚ್ಚಳದ ಬದಲು ಹಳೇ ಹತ್ತಿ ಬಟ್ಟೆ ಕಟ್ಟಿ, ನಾಲ್ಕು ದಿನ ಹೊಸ ಕಸ ಹಾಕಬೇಡಿ, ದಿನಾ ಒಂದು ಸಲ ಕೋಲಿನಿಂದ ತಳದವರೆಗೆ ತಿರುವಿ ಅಂದೆ. ಎರಡನೇ ದಿನಕ್ಕೆ ವಾಸನೆ ಅರ್ಧ ಇಳಿಯಿತು. ನಾಲ್ಕನೇ ದಿನ ನಡುವೆ ಕೈ ಇಟ್ಟರೆ ಬೆಚ್ಚಗಿತ್ತು. ಬೆಚ್ಚಗಾಯಿತು ಅಂದರೆ ಕೆಲಸ ಮತ್ತೆ ಶುರುವಾಗಿದೆ ಅಂತ. ಹತ್ತನೇ ದಿನಕ್ಕೆ ಮಳೆ ಬಿದ್ದ ಮಣ್ಣಿನ ವಾಸನೆ.

ಹುಳದ ಬಗ್ಗೆ ಒಂದು ಮಾತು. ಗೋಡೆ ಹತ್ತುತ್ತಿದ್ದವು ಚಪ್ಪಟೆ, ಕಂದು ಬಣ್ಣ, ಮೈಯೆಲ್ಲ ಗೆರೆ. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು. ಕಚ್ಚಲ್ಲ, ಕಸವನ್ನು ನಮಗಿಂತ ಬೇಗ ಮುಗಿಸುತ್ತವೆ. ದೊಡ್ಡದಾಗಿ ನೊಣವಾದ ಮೇಲೂ ಮನೆನೊಣದ ಹಾಗೆ ಊಟದ ತಟ್ಟೆಗೆ ಬಂದು ಕೂರಲ್ಲ. ಬೆಳೆದ ಮೇಲೆ ಒಣ ಜಾಗ ಹುಡುಕಿಕೊಂಡು ತಾವೇ ಹೊರಡುತ್ತವೆ, ಅದಕ್ಕೇ ಗೋಡೆ ಹತ್ತಿದ್ದು. ತೆಳ್ಳಗೆ, ಬೆಳ್ಳಗೆ ಇರೋದು ಮನೆನೊಣದ ಹುಳ ಆಗಿರಬಹುದು. ಎರಡಕ್ಕೂ ಔಷಧಿ ಒಂದೇ, ಒಣಗಿಸಿ, ಮೇಲೆ ಎರಡು ಇಂಚು ತರಗೆಲೆ ಮುಚ್ಚಿ. ಇಷ್ಟೆಲ್ಲ ವಿವರಿಸಿದ ಮೇಲೂ ಆ ಅಜ್ಜಿ ಫಿನಾಯಿಲ್ ಬಾಟಲಿ ಕೆಳಗಿಡಲು ಒಪ್ಪಲಿಲ್ಲ, ಅದು ಬೇರೆ ಮಾತು.

ಇದಕ್ಕೆ ಉಲ್ಟಾ ತೊಂದರೆ ಮೂರನೇ ಮಹಡಿಯಲ್ಲಿ. ಅವರು ಹೆದರಿ ಕೋಕೋಪೀಟ್ ಸುರಿದಿದ್ದರು. ವಾಸನೆ ಇಲ್ಲ, ಹುಳ ಇಲ್ಲ, ಗೊಬ್ಬರವೂ ಇಲ್ಲ. ಐದು ವಾರದ ಬಾಳೆಸಿಪ್ಪೆ ಒಣಗಿ ಚರ್ಮದ ಥರ ಆಗಿತ್ತು, ತುಂಬಾ ಇರುವೆ. ಇರುವೆ ಬಂದರೆ ಬಕೆಟ್ ಒಣಗಿದೆ ಅಂತಲೇ ಲೆಕ್ಕ. ಅಕ್ಕಿ ತೊಳೆದ ನೀರು ದಿನಕ್ಕೊಂದು ಲೋಟದಂತೆ ಮೂರು ದಿನ ಚಿಮುಕಿಸಿ ತಿರುವಿದರು, ಇರುವೆ ತಾವೇ ಜಾಗ ಖಾಲಿ ಮಾಡಿದವು.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷ ಕಪ್ಪಗಾಯಿತು ಅಂತ ನಾಲ್ಕೇ ವಾರಕ್ಕೆ ಗೊಬ್ಬರ ತೆಗೆದು ತುಳಸಿಗೆ ಹಾಕಿದೆ. ವಾರದಲ್ಲಿ ಎಲೆ ಹಳದಿಯಾಗಿ ಉದುರಿತು. ಬಣ್ಣ ನಂಬಬಾರದು. ಈಗ ಒಂದು ಹಿಡಿ ಒದ್ದೆ ಗೊಬ್ಬರವನ್ನು ಜಿಪ್ ಕವರಿನಲ್ಲಿ ಮೂರು ದಿನ ಮುಚ್ಚಿಟ್ಟು ಮೂಸುತ್ತೇನೆ, ಕೆಟ್ಟ ವಾಸನೆ ಬಂದರೆ ಇನ್ನೂ ಕೊಳೆಯುತ್ತಿದೆ ಅಂತ. ಇಲ್ಲಾಂದರೆ ಒಂದು ತಟ್ಟೆಯಲ್ಲಿ ಗೊಬ್ಬರ, ಇನ್ನೊಂದರಲ್ಲಿ ಮಣ್ಣು, ಎರಡಕ್ಕೂ ಹತ್ತತ್ತು ಮೆಂತ್ಯ. ಮಣ್ಣಿನಲ್ಲಿ ಎಂಟು ಮೊಳೆತು ಗೊಬ್ಬರದಲ್ಲಿ ಮೂರೇ ಮೊಳೆತರೆ ಇನ್ನೆರಡು ವಾರ ಬಿಡುತ್ತೇನೆ. ಆಮೇಲೂ ನೇರ ಗೊಬ್ಬರದಲ್ಲೇ ಗಿಡ ನೆಡಲ್ಲ, ಮೂರು ಪಾಲು ಮಣ್ಣಿಗೆ ಒಂದು ಪಾಲು. ಬಕೆಟ್ ಚಿಕ್ಕದು, ಒಳಗೆ ಬಿಸಿ ಜಾಸ್ತಿ ಏರಲ್ಲ, ಹಾಗಾಗಿ ಟೊಮ್ಯಾಟೊ ಬೀಜ ಸಾಯಲ್ಲ. ಗುಲಾಬಿ ಕುಂಡದಲ್ಲಿ ಟೊಮ್ಯಾಟೊ ಹುಟ್ಟಿದರೆ ಗಾಬರಿ ಬೇಡ. ಆದರೆ ಅದೇ ಕಾರಣಕ್ಕೆ ನಾಯಿ, ಬೆಕ್ಕಿನ ಕಕ್ಕ ಇದಕ್ಕೆ ಹಾಕಬಾರದು, ರೋಗದ ಜೀವಾಣುಗಳೂ ಸಾಯಲ್ಲ.

ಒಂಬತ್ತು ಮನೆಯಲ್ಲಿ ಈಗ ಆರು ಮನೆ ಮಾಡುತ್ತಿವೆ. ಬಿಟ್ಟ ಮೂವರಲ್ಲಿ ಇಬ್ಬರಿಗೆ ತರಗೆಲೆ ಸಿಗಲಿಲ್ಲ, ಜುಲೈನಲ್ಲಿ ಹುಡುಕಿದರೆ ಸಿಗೋದು ಒದ್ದೆ ಎಲೆ. ಈ ಸಲ ಫೆಬ್ರವರಿ, ಮಾರ್ಚಿನಲ್ಲಿ ರಸ್ತೆಯ ಹೊಂಗೆ ಮರ ಎಲೆ ಉದುರಿಸುವಾಗಲೇ ಹದಿನಾಲ್ಕು ಅಕ್ಕಿ ಚೀಲ ತುಂಬಿ ಮೆಟ್ಟಿಲ ಕೆಳಗೆ ಒಟ್ಟಿದ್ದೇವೆ. ಎರಡನೇ ಮಹಡಿಯ ಆಂಟಿ ಅದರಲ್ಲಿ ಐದರ ಮೇಲೆ ಮಾರ್ಕರಿನಲ್ಲಿ ತಮ್ಮ ಮನೆ ನಂಬರ್ ಬರೆದುಬಿಟ್ಟಿದ್ದಾರೆ, ಮಾವಿನ ಕಾಲಕ್ಕೆ ಅಂತೆ.