ಲಾಕರ್... ಮಗಳಿಗೆ... ಸೈನ್ ನಾಟ್...

ಈ ಮಾತು ಹೇಳಿದವ್ರು ಬ್ಯಾಂಕಲ್ಲಿ ಆಫೀಸರ್ ಆಗಿ ರಿಟೈರ್ ಆದ ಹಿರಿಯರು. ಏಳು ತಿಂಗಳ ಹಿಂದೆ ಲಕ್ವ ಹೊಡೆದು ಬಲಗಡೆ ಕೈಕಾಲು ಬಿದ್ದೋಗಿತ್ತು, ಕಾಲು ಸುಮಾರಾಗಿ ವಾಪಸ್ ಬಂತು, ಕೈ ಬರ್ಲಿಲ್ಲ, ಮಾತು ಅರ್ಧಂಬರ್ಧ ಬಂತು. ನಾನು ಸ್ಪೀಚ್ ಥೆರಪಿಸ್ಟ್, ವಾರಕ್ಕೆ ಎರಡು ಸಲ ಮೈಸೂರಲ್ಲಿ ಅವ್ರ ಮನೆಗೆ ಹೋಗ್ತಿದ್ದೆ. ಗುರುತು ಸಿಗಬಾರ್ದು ಅಂತ ಸಣ್ಣಪುಟ್ಟ ವಿವರ ಬದಲಾಯಿಸಿದೀನಿ, ಆದ್ರೆ ಆ ಮೂರು ತುಂಡು ಮಾತು ಮಾತ್ರ ಅವ್ರು ಹೇಳಿದ ಹಾಗೇ ಇದೆ, ಯಾಕಂದ್ರೆ ಇಡೀ ವಿಷಯ ಇರೋದೇ ಆ ಪದಗಳು ಬಂದ ಕ್ರಮದಲ್ಲಿ.

ಅವ್ರಿಗಿದ್ದದ್ದು ಬ್ರೋಕಾ ಅಫೇಸಿಯಾ. ಎಡ ಮೆದುಳಿನ ಮುಂಭಾಗಕ್ಕೆ ಪೆಟ್ಟಾದಾಗ ಬರೋ ಮಾತಿನ ತೊಂದ್ರೆ ಇದು, 1861ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಪಾಲ್ ಬ್ರೋಕಾ ಇದನ್ನ ಗುರುತಿಸಿದ್ರು, ಅದಕ್ಕೇ ಆ ಹೆಸರು. ನಾವು ಹೇಳೋದು ಇವ್ರಿಗೆ ಬಹುಪಾಲು ಅರ್ಥ ಆಗುತ್ತೆ, ಏನು ಹೇಳ್ಬೇಕು ಅನ್ನೋದೂ ತಲೇಲಿರುತ್ತೆ, ಆದ್ರೆ ಪದ ಹುಡುಕಿ ಜೋಡಿಸಿ ಹೊರಗೆ ತರೋದು ಭಾರಿ ಕಷ್ಟ. ನಮ್ಮ ಈ ಸಾರ್‌ಗೆ ಹನ್ನೆರಡರ ಮಗ್ಗಿ ಶುರು ಮಾಡಿಕೊಟ್ರೆ ಸರಾಗವಾಗಿ ಹೇಳ್ಕೊಂಡು ಹೋಗ್ತಿದ್ರು, ಆದ್ರೆ ಬಾಯಾರಿದಾಗ ‘ನೀರು’ ಅನ್ನೋ ಪದ ಸಿಗ್ತಿರ್ಲಿಲ್ಲ. ಬಾಯಿಪಾಠ ಆಗಿರೋದು ತಾನಾಗೇ ಹರಿದು ಬರುತ್ತೆ, ಹೊಸದಾಗಿ ಕಟ್ಟಬೇಕಾದ ವಾಕ್ಯ ಮಾತ್ರ ಮಧ್ಯದಲ್ಲೇ ನಿಲ್ಲುತ್ತೆ. ನೋಡೋರಿಗೆ ಇದು ನಾಟಕದ ಥರ ಕಾಣ್ಬಹುದು, ಮನೆಯವ್ರೂ ಒಂದೊಂದ್ಸಲ ಹಾಗೆ ಅಂದುಕೊಳ್ತಾರೆ, ಅದು ನಾಟಕ ಅಲ್ಲ.

ಇಲ್ಲಿ ಕನ್ನಡದ್ದೇ ಒಂದು ಸಮಸ್ಯೆ ಇದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ನಮ್ಮ ಭಾಷೇಲಿ ಕ್ರಿಯಾಪದ ಬರೋದು ಕೊನೇಲಿ. ‘ನಾಳೆ ನಾನು ಆ ಡಾಕ್ಟರ್ ಹತ್ರ...’ ಅಂತ ನಿಂತುಬಿಟ್ರೆ, ಹೋಗ್ತೀನೋ, ಹೋಗಲ್ವೋ, ಹೋಗೋದು ಬೇಡ್ವೋ, ಹೋಗ್ಲೇಬೇಕೋ, ಯಾವುದೂ ಬಂದಿರಲ್ಲ. ಬೇಕು ಬೇಡ ಎರಡೂ ಕೊನೇ ಪದದಲ್ಲೇ ಕೂತಿರುತ್ತೆ. ಇಂಗ್ಲಿಷಲ್ಲಾದ್ರೆ ‘ಐ ಡೋಂಟ್ ವಾಂಟ್...’ ಅಂತ ನಿಂತ್ರೆ ಏನು ಬೇಡ ಅಂತ ಗೊತ್ತಾಗದೇ ಇದ್ರೂ ಬೇಡ ಅನ್ನೋದಂತೂ ಬಂದಿರುತ್ತೆ. ಹಾಗಾಗಿ ಅರ್ಧಕ್ಕೆ ನಿಂತ ಕನ್ನಡದ ಮಾತನ್ನ ನಾವು ಪೂರ್ತಿ ಮಾಡೋಕೆ ಹೊರಟ್ರೆ ಬರೀ ಒಂದು ಪದ ಸೇರಿಸ್ತಿಲ್ಲ, ಅವ್ರ ನಿರ್ಧಾರವನ್ನೇ ನಾವು ತಗೊಂಡುಬಿಡೋ ಅಪಾಯ ಇರುತ್ತೆ.

ಅವತ್ತು ಆಗಿದ್ದೂ ಅದೇ. ನಾನು ಹೋದಾಗ ಸಾರ್ ಏನೋ ಹೇಳ್ಬೇಕು ಅಂತ ಕಾಯ್ತಾ ಕೂತಿದ್ರು. ‘ಲಾಕರ್...’ ಅಂದ್ರು, ಸುಮಾರು ಹೊತ್ತು ಬಿಟ್ಟು ‘ಮಗಳಿಗೆ...’ ಅಂದ್ರು, ಆಮೇಲೆ ‘ಸೈನ್ ನಾಟ್...’ ಅಂತ ಹೇಳಿ ನಿಂತ್ರು. ಅವ್ರ ಹೆಂಡ್ತಿ ಮುಖ ಸಪ್ಪಗಾಯ್ತು. ‘ಯಾಕ್ರೀ, ಮಗಳಿಗೆ ಲಾಕರ್ ಸೈನ್ ಕೊಡ್ಬಾರ್ದಾ? ಅವ್ಳೇನ್ರೀ ಮಾಡಿದ್ಲು ಪಾಪ’ ಅಂದ್ರು. ಸಾರ್ ಎಡಗೈಲಿ ಕುರ್ಚಿ ಕೈಗೆ ಹೊಡೆದು ‘ನೋ ನೋ ನೋ’ ಅಂದ್ರು. ‘ಹಾಗಾದ್ರೆ ಮಗನಿಗೇ ಕೊಡ್ಬೇಕಾ?’ ಅಂತ ಮೇಡಂ ಮತ್ತೆ ಕೇಳಿದ್ರು. ಸಾರ್ ಕಣ್ಣು ಮುಚ್ಚಿ ಒರಗಿ ‘ಹೂಂ’ ಅಂದ್ರು.

ಆ ‘ಹೂಂ’ ನಂಬ್ಬಾರ್ದು. ಅದು ಸುಸ್ತಿನ ಹೂಂ, ಸಾಕಪ್ಪಾ ಬಿಟ್ಬಿಡಿ ಅನ್ನೋ ಹೂಂ. ಅದರ ಜೊತೆ ನಮ್ಮಲ್ಲಿ ಹೂಂ, ಉಹೂಂ ಎರಡರ ದನಿಯೂ ಹತ್ತಿರ, ತುಟಿ ಸರಿಯಾಗಿ ಆಡದವ್ರ ಬಾಯಲ್ಲಿ ಎರಡೂ ಒಂದೇ ಥರ ಕೇಳುತ್ತೆ, ತಲೆ ಆಡಿಸೋದು ನೋಡಿದ್ರೂ ಹೌದೋ ಅಲ್ವೋ ಹೇಳೋದು ಕಷ್ಟ. ಅದಕ್ಕೇ ನಾನು ಪ್ರತಿ ಮನೇಲೂ ಮೊದಲ ವಾರವೇ ಒಂದು ರಟ್ಟಿನ ಮೇಲೆ ಒಂದ್ಕಡೆ ದೊಡ್ಡದಾಗಿ ‘ಹೌದು’, ಇನ್ನೊಂದ್ಕಡೆ ‘ಅಲ್ಲ’ ಅಂತ ಬರೆದಿಟ್ಟು, ಬೆರಳಿಟ್ಟು ತೋರ್ಸೋದು ರೂಢಿ ಮಾಡಿಸ್ತೀನಿ. ‘ಇಲ್ಲ’, ‘ಬೇಡ’ ಅಂತ ಬರೆಯಲ್ಲ. ನಮ್ಮ ಊಹೆ ತಪ್ಪು ಅಂತ ಹೇಳೋಕೆ ಬೇಕಾದ ಪದ ‘ಅಲ್ಲ’, ‘ಬೇಡ’ ಅಂತ ಬರೆದಿಟ್ರೆ ಊಹೆ ಬೇಡ್ವೋ ಲಾಕರ್ ಬೇಡ್ವೋ ಅನ್ನೋ ಹೊಸ ಗೊಂದಲ ಶುರುವಾಗುತ್ತೆ.

ನಾನು ಕುರ್ಚಿ ಹತ್ರ ಎಳ್ಕೊಂಡು ಅವ್ರ ಎದುರಿಗೆ ಕೂತೆ. ‘ಸಾರ್, ನೀವೇನೋ ಮುಖ್ಯವಾದ್ದು ಹೇಳ್ತಿದೀರ, ಅದು ನಿಮ್ಗೆ ಗೊತ್ತು, ನಮ್ಗೇ ಇನ್ನೂ ಸಿಕ್ಕಿಲ್ಲ, ನಾನೊಂದು ಸಲ ನೋಡ್ಲಾ?’ ಅಂದೆ. ಕೇಳದೆ ನಾನು ಯಾರ ಮಾತನ್ನೂ ಪೂರ್ತಿ ಮಾಡಲ್ಲ. ಕಣ್ಣು ಮೇಲಕ್ಕೆ ಹೋಗಿ ತುಟಿ ಅಲ್ಲಾಡ್ತಿದ್ರೆ ಇನ್ನೂ ಹುಡುಕ್ತಿದಾರೆ ಅಂತ, ಆಗ ಮನಸ್ಸಲ್ಲೇ ಹತ್ತರವರೆಗೆ ಎಣಿಸ್ತಾ ಸುಮ್ನೆ ಕೂತ್ಕೋತೀನಿ. ನನ್ನ ಮುಖ ನೋಡಿ ಕೈ ಬಿಚ್ಚಿದ್ರೆ ಆಗ ಸಹಾಯ ಕೇಳ್ತಿದಾರೆ ಅಂತ. ಸಾರ್ ಕಣ್ಣು ತೆಗೆದು ಕೈ ಬಿಚ್ಚಿದ್ರು.

ನೋಟ್‌ಬುಕ್ಕಲ್ಲಿ ಅವ್ರ ಪದಗಳನ್ನೇ, ಅವ್ರು ಹೇಳಿದ ಕ್ರಮದಲ್ಲೇ, ಮಧ್ಯೆ ಜಾಗ ಬಿಟ್ಟು ದಪ್ಪ ಪೆನ್ನಲ್ಲಿ ಬರೆದೆ, ‘ಲಾಕರ್ ___ ಮಗಳಿಗೆ ___ ಸೈನ್ ನಾಟ್ ___’ ಅಂತ. ಬರೆದದ್ದನ್ನ ಕೊನೇಲಿ ದನಿ ಇಳಿಸದೇ ಓದಿ ನಿಲ್ಲಿಸಿದೆ. ದನಿ ಇಳಿಸಿದ್ರೆ ಮಾತು ಮುಗೀತು ಅಂತ ಆಗುತ್ತೆ, ಎತ್ತಿ ಬಿಟ್ರೆ ಮುಂದಿನ ಪದಕ್ಕೆ ಬಾಗಿಲು ತೆಗೆದಿಟ್ಟ ಹಾಗೆ, ಒಂದೊಂದ್ಸಲ ಇಷ್ಟಕ್ಕೇ ಪದ ಬಂದುಬಿಡುತ್ತೆ. ಅವತ್ತು ಬರ್ಲಿಲ್ಲ.

ಬರೆದ ಮೇಲೆ ನಂಗೊಂದು ಕಾಣ್ತು. ಇಂಗ್ಲಿಷಲ್ಲಿ ‘ನಾಟ್’ ತನ್ನ ಮುಂದಿನ ಪದಕ್ಕೆ ಸೇರುತ್ತೆ. ಆದ್ರೆ ಸಾರ್ ವಾಕ್ಯ ಕಟ್ತಿದ್ದದ್ದು ಕನ್ನಡದ ಅಚ್ಚಲ್ಲಿ, ‘ಲಾಕರ್, ಮಗಳಿಗೆ’ ಅಂತ ಚತುರ್ಥಿ ವಿಭಕ್ತಿ ಕೂಡ ಸರಿಯಾಗಿ ಹಾಕಿದ್ರು. ಹಾಗಾದ್ರೆ ‘ಸೈನ್ ನಾಟ್’ ಅಂದ್ರೆ ‘ಸೈನ್ ಇಲ್ಲ’ ಅಥವಾ ‘ಸೈನ್ ಆಗಲ್ಲ’ ಇರ್ಬಹುದು, ‘ಇಲ್ಲ’ ಅನ್ನೋ ಜಾಗದಲ್ಲಿ ಸಿಕ್ಕಿದ ಇಂಗ್ಲಿಷ್ ಪದ ಕೂತಿರ್ಬಹುದು. ಮಗಳಿಗೂ ಆ ‘ನಾಟ್’ಗೂ ಸಂಬಂಧವೇ ಇಲ್ದೇ ಇರ್ಬಹುದು. ಇದು ನನ್ನ ಊಹೆ, ಅದನ್ನ ಹೇಳ್ಬಿಟ್ರೆ ಅವ್ರು ಮತ್ತೆ ‘ಹೂಂ’ ಅಂದುಬಿಡ್ತಾರೆ, ಅದಕ್ಕೆ ಬಾಯಿ ಬಿಡ್ಲಿಲ್ಲ.

ಮೊದಲು ‘ಆಗಿಹೋಗಿದ್ದು’, ‘ಆಗ್ಬೇಕಾಗಿದ್ದು’ ಅಂತ ಎರಡು ಬರೆದು ತೋರಿಸ್ದೆ. ಎರಡನೇದಕ್ಕೆ ಬೆರಳಿಟ್ರು. ಆಮೇಲೆ ‘ಸೈನ್ ಯಾರದು?’ ಅಂತ ಬರೆದು ಕೆಳಗೆ ನೀವು, ಮೇಡಂ, ಮಗಳು, ಬೇರೆ ಅಂತ ಸಾಲಾಗಿ ಬರೆದೆ. ಈ ‘ಬೇರೆ’ ಅನ್ನೋದನ್ನ ಯಾವತ್ತೂ ಬಿಡ್ಬಾರ್ದು, ಇಲ್ಲಾಂದ್ರೆ ನಮ್ಮ ಊಹೆಗಳ ಒಳಗೇ ಅವ್ರನ್ನ ಕೂಡಿಹಾಕಿದ ಹಾಗಾಗುತ್ತೆ. ಸಾರ್ ‘ನೀವು’ ಅನ್ನೋದನ್ನ ಮುಟ್ಟಿ, ಅದೇ ಎಡಗೈನ ತಗೊಂಡೋಗಿ ತೊಡೆ ಮೇಲಿದ್ದ ಬಲಗೈ ಮೇಲಿಟ್ರು. ಮೇಡಂ ‘ಅಯ್ಯೋ’ ಅಂತ ಸೆರಗು ಬಾಯಿಗೆ ಒತ್ಕೊಂಡ್ರು.

ಈಗ ಪದ ಅವ್ರ ಬಾಯಿಂದ್ಲೇ ಬರ್ಲಿ ಅಂತ ವಾಕ್ಯದ ಶುರು ನಾನು ಕೊಟ್ಟೆ, ‘ನಂಗೆ ಸೈನ್ ಮಾಡಕ್ಕೆ ಆ...’ ಅಂತ. ಮೊದಲ ಅಕ್ಷರ ಮಾತ್ರ ಕೊಡೋದು ನಮ್ಮಲ್ಲಿ ತುಂಬ ಹಳೇ ವಿಧಾನ, ಆದ್ರೆ ‘ಆ’ ಅಂದ್ರೆ ‘ಆಗುತ್ತೆ’ ಅಂತಾನೂ ಆಗ್ಬಹುದು ‘ಆಗಲ್ಲ’ ಅಂತಾನೂ ಆಗ್ಬಹುದು, ಹೌದು ಅಲ್ಲ ಅನ್ನೋ ಭಾಗ ಅವ್ರ ಕೈಲೇ ಉಳಿಯುತ್ತೆ ಅಂತ ಬೇಕೂಂತ್ಲೇ ಅಲ್ಲಿಗೆ ನಿಲ್ಲಿಸ್ದೆ. ಸಾರ್ ‘ಆ... ಆ...’ ಅಂದು, ಉಸಿರು ತಗೊಂಡು, ‘ಆಗಲ್ಲ’ ಅಂದ್ರು. ಆಮೇಲೆ ‘ಮಗಳಿಗೆ’ ಅನ್ನೋದರ ಕೆಳಗೆ ಕೀ ಕೊಡೋದು, ಹೆಸರು ಸೇರ್ಸೋದು, ಬೇರೆ ಅಂತ ಬರೆದೆ. ‘ಹೆಸರು’ ಮೇಲೆ ಬೆರಳು ಬಿತ್ತು, ಜೊತೆಗೆ ‘ಜಾಯಿಂಟ್’ ಅಂತ ಸ್ಪಷ್ಟವಾಗಿ ಬಂತು. ಆ ಪದ ನನ್ನ ಪಟ್ಟೀಲಿ ಇರ್ಲೇ ಇಲ್ಲ. ಜೀವಮಾನ ಇಡೀ ಬ್ಯಾಂಕಲ್ಲಿ ಆಡಿದ ಪದ, ಅದು ಇಂಗ್ಲಿಷಲ್ಲೇ ಇತ್ತು, ಇಂಗ್ಲಿಷಲ್ಲೇ ಬಂತು.

ಅದಕ್ಕೇ ನಾನು ‘ಕನ್ನಡದಲ್ಲೇ ಹೇಳಿ’ ಅಂತ ಯಾರಿಗೂ ಒತ್ತಾಯ ಮಾಡಲ್ಲ. ಎರಡು ಭಾಷೆ ಬೆರೆಸಿ ಮಾತಾಡೋದು ಸ್ಟ್ರೋಕಿಗೆ ಮುಂಚೆನೂ ಇವ್ರ ಸಹಜ ಮಾತೇ ಆಗಿತ್ತು. ‘ಕ್ಯಾನ್ಸಲ್ ಮಾಡು’, ‘ಫೋನ್ ಮಾಡು’, ‘ಸೈನ್ ಮಾಡು’, ಇದ್ರಲ್ಲಿ ಅರ್ಥ ಹೊರೋದು ಇಂಗ್ಲಿಷ್ ಪದ, ವಾಕ್ಯ ಮುಗಿಸೋದು ನಮ್ಮ ‘ಮಾಡು’. ಕ್ರಿಯಾಪದವೇ ಸಿಗದೆ ಒದ್ದಾಡೋರಿಗೆ ಹತ್ತಾರು ಬೇರೆಬೇರೆ ಕ್ರಿಯಾಪದ ಹುಡುಕೋ ಬದಲು ಒಂದು ‘ಮಾಡು’ ಗಟ್ಟಿಯಾದ್ರೆ ಎಷ್ಟೋ ವಾಕ್ಯ ದಡ ಸೇರುತ್ತೆ. ನಾವು ಮುಂದಿನ ವಾರಗಳಲ್ಲಿ ದಿನಾ ಹದಿನೈದು ನಿಮಿಷ ಅಭ್ಯಾಸ ಮಾಡಿದ್ದು ಬರೀ ಇದನ್ನೇ.

ಕೊನೇಗೆ ಇಡೀ ವಾಕ್ಯ ಬರೆದು ಓದಿದೆ, ‘ನಂಗೆ ಸೈನ್ ಮಾಡಕ್ಕಾಗಲ್ಲ, ಅದಕ್ಕೆ ಲಾಕರ್‌ಗೆ ಮಗಳ ಹೆಸರು ಜಾಯಿಂಟ್ ಮಾಡ್ಸಿ’ ಅಂತ. ‘ಹೌದು’ ಕಡೆ ಬೆರಳು ಹೋಯ್ತು. ಅಷ್ಟಕ್ಕೇ ಬಿಡ್ದೆ ಉಲ್ಟಾನೂ ಕೇಳಿದೆ, ‘ಮಗಳಿಗೆ ಲಾಕರ್ ಕೊಡೋದು ಬೇಡ ಅಂತಾನಾ?’ ಅಂತ. ತಕ್ಷಣ ‘ಅಲ್ಲ’ ಮೇಲೆ ಬೆರಳು ಬಂತು, ಎರಡು ಸಲ ಕುಟ್ಟಿದ್ರು. ನೇರ ಪ್ರಶ್ನೆಗೆ ಹೌದು, ಉಲ್ಟಾ ಪ್ರಶ್ನೆಗೆ ಅಲ್ಲ, ಎರಡೂ ಸಿಕ್ಕಿದ ಮೇಲೇನೇ ಮಾತು ಸಿಕ್ತು ಅಂತ ನಾನು ಒಪ್ಕೊಳ್ಳೋದು. ಎರಡಕ್ಕೂ ‘ಹೌದು’ ಬಂದ್ರೆ ಅಲ್ಲಿಗೆ ನಿಲ್ಲಿಸಿ, ಮಾರನೇ ದಿನ ಬೆಳಿಗ್ಗೆ ಮೈ ಹಗುರ ಇದ್ದಾಗ ಅದೇ ಪುಟ ತೆಗೆದು ಮತ್ತೆ ಕೇಳ್ಬೇಕು.

ಈ ದಾರಿ ಎಲ್ರಿಗೂ ಆಗಲ್ಲ. ಮೆದುಳಿನ ಇನ್ನೂ ಹಿಂದಿನ ಭಾಗಕ್ಕೆ ಪೆಟ್ಟಾಗಿ ಮಾತು ಹರಿದು ಬರುತ್ತೆ ಆದ್ರೆ ಅರ್ಥ ಇರಲ್ಲ ಅನ್ನೋವ್ರೂ ಇದಾರೆ, ಅವ್ರಿಗೆ ನಮ್ಮ ಪ್ರಶ್ನೆನೇ ಸರಿಯಾಗಿ ತಲುಪಲ್ಲ, ಹಾಗಾಗಿ ಅವ್ರ ಹೌದು ಅಲ್ಲ ನೆಚ್ಚೋಕಾಗಲ್ಲ, ಬರೆದು ತೋರ್ಸಿದ್ರೂ ಅಷ್ಟೇ. ಅದಕ್ಕೆ ಮೊದಲ ದಿನವೇ ‘ಇದು ನಿಮ್ಮ ಮನೇನಾ’, ‘ಇದು ಬಸ್‌ಸ್ಟ್ಯಾಂಡಾ’ ಅನ್ನೋಂಥ ಉತ್ತರ ಗೊತ್ತಿರೋ ಹತ್ತು ಪ್ರಶ್ನೆ ಕೇಳಿ, ಎಷ್ಟು ಸರಿ ಬರುತ್ತೆ ನೋಡ್ಕೋತೀನಿ. ಸಾರ್ ಹತ್ತಕ್ಕೆ ಹತ್ತೂ ಸರಿ ಹೇಳಿದ್ರು.

ಮೇಡಂಗೆ ನಾನು ಕಲಿಸಿದ್ದು ಮುಖ್ಯವಾಗಿ ಕಾಯೋದು. ಅವ್ರಿಗದು ತುಂಬ ಕಷ್ಟ ಆಯ್ತು, ಯಾಕಂದ್ರೆ ಗಂಡ ಒದ್ದಾಡೋದು ನೋಡೋಕಾಗ್ದೆ ಪ್ರೀತಿಯಿಂದ್ಲೇ ಅವ್ರು ಮಾತು ತುಂಬ್ತಿದ್ದದ್ದು. ಊಟ, ಬಾತ್‌ರೂಮು, ಮಾತ್ರೆ ಇಂಥದ್ದಕ್ಕೆ ಕಾಯಿಸ್ಬೇಡಿ, ಗೊತ್ತಾದ ತಕ್ಷಣ ಕೇಳಿಬಿಡಿ ಅಂದೆ. ದುಡ್ಡು, ಮಕ್ಕಳು, ಡಾಕ್ಟರು, ಮನೆ ನಿರ್ಧಾರ ಇವಕ್ಕೆ ಮಾತ್ರ ನೋಟ್‌ಬುಕ್ ತೆಗೀರಿ ಅಂದೆ.

ಆಮೇಲೆ ಒಂದು ಭಾನುವಾರ ಮಗಳು ಬೆಂಗಳೂರಿಂದ ಬಂದಿದ್ರಂತೆ, ಲಾಕರ್ ಫಾರ್ಮ್ ತಗೊಂಡು. ಸಾರ್ ಫಾರ್ಮ್ ಮೇಲೆ ಬೆರಳಿಟ್ಟು ‘ನೀನು... ಇಲ್ಲಿ... ಸೈನ್...’ ಅಂತ ನಿಂತ್ರಂತೆ. ಮಗಳು ಬಾಯಿ ತೆರೆಯೋಕೆ ಮುಂಚೆ ಮೇಡಂ ಅವ್ಳ ಕೈ ಹಿಡ್ಕೊಂಡು ಸುಮ್ನಿರು ಅಂತ ಸನ್ನೆ ಮಾಡಿ, ಸೆರಗಿನ ಕೆಳಗೆ ಬೆರಳಲ್ಲಿ ಎಣಿಸ್ತಾ ಇದ್ರಂತೆ. ‘ಎಂಟಕ್ಕೆ ಬಂದಿದ್ದೆ ಕಣಮ್ಮಾ’ ಅಂತ ಮಂಗಳವಾರ ನಾನು ಹೋದಾಗ ಬಾಗಿಲಲ್ಲೇ ಹೇಳಿದ್ರು, ‘ಎಂಟಕ್ಕೆ ಬಂದಾಗ ಇವ್ರು ‘ಮಾಡು’ ಅಂದ್ರು.’